ತೇರಿನ ವಿಡಿಯೊ ಮತ್ತು 4 ಜಿಬಿಯ ಮಿತಿ: ಎನ್‌ವೆಂಕ್, ಎಕ್ಸ್264 ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಕೊಪ್ಪಳದಲ್ಲಿ ನಾನು ಮದುವೆ, ಜಾತ್ರೆಗಳ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಗಿರಾಕಿಗಳಿಗೆ ಕೊನೆಗೆ ಕೈಗೆ ಕೊಡುವುದು ಪೆನ್‌ಡ್ರೈವ್. ಅವರ ಮನೆಯ ಹಳೆಯ ಟಿವಿಗಳಲ್ಲಿ ಹಲವು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವನ್ನಷ್ಟೇ ಓದುತ್ತವೆ, ಆ ಮಾದರಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ವಿಡಿಯೊವನ್ನು ಕುಗ್ಗಿಸಿ ಬರೆಯುವ ಎನ್‌ಕೋಡಿಂಗ್ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡಿನ ಹಾರ್ಡ್‌ವೇರ್ ಮೇಲೋ ಪ್ರೊಸೆಸರಿನಲ್ಲಿ ಓಡುವ ಸಾಫ್ಟ್‌ವೇರ್ ಮೇಲೋ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ಈ ಮಿತಿಯಿಂದಲೇ.

ಹೋಲಿಕೆಗೆ ತೆಗೆದುಕೊಂಡದ್ದು ನಮ್ಮ ತಾಲ್ಲೂಕಿನ ಒಂದು ಹಳ್ಳಿಯ ತೇರಿನ ವಿಡಿಯೊ. ಅವಧಿ 80 ನಿಮಿಷ, ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್, ಅಂದರೆ ಒಟ್ಟು 1,20,000 ಫ್ರೇಮ್. ಇದನ್ನು ಎರಡು ತುಂಡು ಮಾಡದೆ ಒಂದೇ ಫೈಲಿನಲ್ಲಿ ಕೊಡಬೇಕೆಂಬುದು ಹಳ್ಳಿಯವರ ಅಪೇಕ್ಷೆಯಾಗಿತ್ತು. 4 ಜಿಬಿಯನ್ನು 4,800 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 7.1 ಮೆಗಾಬಿಟ್ ಸಿಗುತ್ತದೆ. ಅದರಲ್ಲಿ ಧ್ವನಿಗೆ 192 ಕಿಲೋಬಿಟ್ ತೆಗೆದು, ಸ್ವಲ್ಪ ಅಂಚು ಉಳಿಸಿಕೊಂಡು, ಚಿತ್ರಕ್ಕೆ 6.8 ಮೆಗಾಬಿಟ್ ನಿಗದಿ ಮಾಡಿದೆ. ಎಡಿಟಿಂಗ್ ಮುಗಿದ ವಿಡಿಯೊವನ್ನು ಮೊದಲು ಡಿಎನ್‌ಎಕ್ಸ್‌ಎಚ್‌ಆರ್ ಮಾಸ್ಟರ್ ಫೈಲಾಗಿ ತೆಗೆದು, ಅದೊಂದರಿಂದಲೇ ಎರಡೂ ಪ್ರತಿಗಳನ್ನು ಮಾಡಿದೆ. ನನ್ನ ಯಂತ್ರದಲ್ಲಿ ಆರು ಕೋರ್‌ಗಳ ರೈಜನ್ 5 5600 ಪ್ರೊಸೆಸರ್ ಮತ್ತು ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್ ಇವೆ.

ಸಾಫ್ಟ್‌ವೇರ್ ಪ್ರತಿಗೆ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಎಕ್ಸ್264 ಎನ್‌ಕೋಡರನ್ನು ಎರಡು ಸುತ್ತು ಓಡಿಸಿದೆ. ಎರಡನೆಯ ಸುತ್ತಿನ ಆಜ್ಞೆ ಹೀಗಿತ್ತು. ಮೊದಲನೆಯದರಲ್ಲಿ `-pass 1` ಇದ್ದು, ಔಟ್‌ಪುಟ್ ಫೈಲಿನ ಹೆಸರಿನ ಬದಲು `-f null -` ಇರುತ್ತದೆ.

```
ffmpeg -i teru.mov -c:v libx264 -preset slow -b:v 6800k
  -maxrate 12M -bufsize 16M -pass 2 -pix_fmt yuv420p
  -c:a aac -b:a 192k teru_sw.mp4
```

ಹಾರ್ಡ್‌ವೇರ್ ಪ್ರತಿ ಕಾರ್ಡಿನೊಳಗಿನ ಎನ್‌ವೆಂಕ್ ಎನ್‌ಕೋಡರಿನದು.

```
ffmpeg -i teru.mov -c:v h264_nvenc -preset p7 -tune hq
  -rc vbr -multipass fullres -b:v 6800k -maxrate 12M
  -bufsize 16M -spatial-aq 1 -rc-lookahead 32 -bf 3
  -pix_fmt yuv420p -c:a aac -b:a 192k teru_hw.mp4
```

(ಎರಡನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಬೇಕು.) ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಬಿಟ್‌ರೇಟ್ ಹೇಳದೆ `h264_nvenc` ಓಡಿಸಿದರೆ ಅದು ತಾನಾಗಿ ಸೆಕೆಂಡಿಗೆ 2 ಮೆಗಾಬಿಟ್ ಹಿಡಿಯುತ್ತದೆ. ಆ ಒಡೆದ ಚಿತ್ರವನ್ನು ನೋಡಿ ಹಾರ್ಡ್‌ವೇರೇ ಕೆಟ್ಟದ್ದು ಎಂದು ತೀರ್ಮಾನಿಸುವುದು ತಪ್ಪು. ಬಿಟ್‌ರೇಟಿನ ಬದಲು ಗುಣಮಟ್ಟವನ್ನು ಸೂಚಿಸುವ ಎಕ್ಸ್264ರ `-crf 20` ಮತ್ತು ಎನ್‌ವೆಂಕ್‌ನ `-cq 20` ಕೂಡ ಒಂದೇ ಅಳತೆಗೋಲಿನವಲ್ಲ. ಫೈಲಿನ ಗಾತ್ರ ಸಮ ಇದ್ದಾಗ ಮಾತ್ರ ಗುಣಮಟ್ಟದ ಹೋಲಿಕೆಗೆ ಅರ್ಥವಿದೆ.

ವೇಗದಲ್ಲಿ ವಾದಕ್ಕೆ ಎಡೆಯೇ ಇಲ್ಲ. ಎನ್‌ವೆಂಕ್ 11 ನಿಮಿಷದಲ್ಲಿ ಕೆಲಸ ಮುಗಿಸಿತು. ಎಕ್ಸ್264ಗೆ ಎರಡೂ ಸುತ್ತು ಸೇರಿ ಒಂದು ಗಂಟೆಗೆ ಸ್ವಲ್ಪವೇ ಕಡಿಮೆ ಬೇಕಾಯಿತು. ಅಷ್ಟು ಹೊತ್ತೂ ಪ್ರೊಸೆಸರಿನ ಎಲ್ಲ ಕೋರ್‌ಗಳು ಪೂರ್ಣ ದುಡಿಯುತ್ತವೆ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಕಾವು ಏರಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದರಿಂದ ಇದೇ ಕೆಲಸ ಇನ್ನೂ ಎಳೆಯುತ್ತದೆ. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅರ್ಧವಾದ ಎಂಪಿ4 ಫೈಲ್ ತೆರೆಯುವುದೂ ಇಲ್ಲ, ಏಕೆಂದರೆ ಅದರ ಸೂಚಿ ಫೈಲಿನ ಕೊನೆಯಲ್ಲಿ ಬರೆಯಲ್ಪಡುತ್ತದೆ.

ಇನ್ನು ಚಿತ್ರದ ಮಾತು. ಪೂಜೆ, ಭಾಷಣ, ಮೆರವಣಿಗೆಗೆ ಮುಂಚಿನ ಸಿದ್ಧತೆ, ಇಂಥ ಶಾಂತ ದೃಶ್ಯಗಳಲ್ಲಿ ಎರಡೂ ಪ್ರತಿಗಳನ್ನು 43 ಇಂಚಿನ ಟಿವಿಯಲ್ಲಿ ಒಂದರ ಹಿಂದೊಂದು ನೋಡಿದರೂ ನನಗೆ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ತೇರು ಕದಲಿದ ಗಳಿಗೆಯಲ್ಲಿ. ಒಮ್ಮೆಲೇ ಸಾವಿರಾರು ಕೈಗಳು ಮೇಲೆದ್ದು, ನಾಲ್ಕೂ ಕಡೆಯಿಂದ ಉತ್ತತ್ತಿ, ಬಾಳೆಹಣ್ಣು ಕಳಸದತ್ತ ಹಾರುತ್ತವೆ. ಕಾಲಡಿಯ ಧೂಳು ಎದ್ದು ಇಳಿಬಿಸಿಲಿನಲ್ಲಿ ಹೊಳೆಯುತ್ತದೆ. ಹಾರ್ಡ್‌ವೇರ್ ಪ್ರತಿಯಲ್ಲಿ ಆ ಧೂಳು ಚೌಕಚೌಕವಾಗಿ ಒಡೆದಿತ್ತು, ಉತ್ತತ್ತಿಗಳು ಬೂದು ಗೆರೆಗಳಾಗಿದ್ದವು, ಹಿಂದಿನ ಸಾಲಿನ ಜನರ ಮುಖ ಮೇಣ ಬಳಿದಂತೆ ನುಣ್ಣಗಾಗಿತ್ತು. ಸಾಫ್ಟ್‌ವೇರ್ ಪ್ರತಿಯಲ್ಲೂ ಚಿತ್ರ ಮೆತ್ತಗಾಗಿದ್ದರೂ ಮುಖಗಳ ಗುರುತು ಹತ್ತುತ್ತಿತ್ತು, ಧೂಳು ಧೂಳಾಗಿಯೇ ಇತ್ತು. ನಾನು ಮೊದಲು ಒಪ್ಪಿಗೆಗೆಂದು ಕೊಟ್ಟಿದ್ದು ಹಾರ್ಡ್‌ವೇರ್ ಪ್ರತಿಯನ್ನು. ಎನ್‌ಕೋಡಿಂಗ್ ಎಂದರೇನೆಂದು ತಿಳಿಯದ ಊರಿನ ಹಿರಿಯರೊಬ್ಬರು ಅದನ್ನು ನೋಡಿ, "ತಮ್ಮಾ, ತೇರು ಎಳಿಯೂ ಹೊತ್ತಿನ್ಯಾಗ ನಮ್ಮ ಮಂದಿ ಮಾರಿನ ಕಾಣವಲ್ದಲ್ಲೋ" ಎಂದರು. ಅವರು ಬೆರಳಿಟ್ಟದ್ದು ಸರಿಯಾದ ಜಾಗಕ್ಕೇ.

ಇದಕ್ಕೆ ಕಾರಣ ಎರಡರ ಕೆಲಸದ ರೀತಿಯಲ್ಲಿದೆ. ವಿಡಿಯೊ ಚಿಕ್ಕದಾಗುವುದು, ಈ ಫ್ರೇಮಿನ ತುಣುಕು ಹಿಂದಿನ ಅಥವಾ ಮುಂದಿನ ಫ್ರೇಮಿನಲ್ಲಿ ಎಲ್ಲಿದೆ ಎಂದು ಹುಡುಕಿ, ಬದಲಾದದ್ದನ್ನಷ್ಟೇ ಬರೆಯುವುದರಿಂದ. ಎನ್‌ವೆಂಕ್ ಎಂಬುದು ಚಿಪ್ಪಿನಲ್ಲಿ ಅಚ್ಚೊತ್ತಿದ ಸರ್ಕ್ಯೂಟ್. ವೇಗಕ್ಕಾಗಿ ಅದು ಹುಡುಕುವ ಆಯ್ಕೆಗಳನ್ನು ಮೊದಲೇ ಮಿತಿಗೊಳಿಸಿರುತ್ತಾರೆ. ಎಕ್ಸ್264 `slow` ಮಟ್ಟದಲ್ಲಿ ಹೆಚ್ಚು ಆಯ್ಕೆಗಳನ್ನು ತೂಗಿ ನೋಡುತ್ತದೆ, 50 ಫ್ರೇಮ್ ಮುಂದಕ್ಕೆ ಕಣ್ಣಾಡಿಸಿ ಯಾವ ತುಣುಕು ಮುಂದೆಯೂ ಉಪಯೋಗಕ್ಕೆ ಬರುತ್ತದೆಯೋ ಅದಕ್ಕೆ ಹೆಚ್ಚು ಬಿಟ್ ಕೊಡುತ್ತದೆ. ಅದರ ಮೊದಲ ಸುತ್ತು ಇಡೀ 80 ನಿಮಿಷವನ್ನು ಓದಿರುವುದರಿಂದ, ಭಾಷಣದ ಭಾಗದಲ್ಲಿ ಉಳಿಸಿದ ಬಿಟ್‌ಗಳನ್ನು ತೇರಿನ ಭಾಗಕ್ಕೆ ಎತ್ತಿಡಬಲ್ಲದು. ಎನ್‌ವೆಂಕ್‌ನ `multipass` ಹೆಸರಿಗೆ ಎರಡು ಸುತ್ತಾದರೂ, ಅದು ಪ್ರತಿಯೊಂದು ಫ್ರೇಮನ್ನು ಎರಡು ಸಲ ನೋಡುತ್ತದೆಯೇ ಹೊರತು ಇಡೀ ವಿಡಿಯೊವನ್ನಲ್ಲ. ನನ್ನ ಪ್ರಕಾರ ಇಲ್ಲಿ ನಿರ್ಣಾಯಕವಾದದ್ದು ಇದೇ.

ಕಣ್ಣಿನ ಸಾಕ್ಷಿಯ ಜೊತೆಗೆ, ಮೂಲಕ್ಕೆ ಹೋಲಿಸಿ ಚಿತ್ರದ ಗುಣಮಟ್ಟ ಅಳೆಯುವ ವಿಮ್ಯಾಫ್ ಅಂಕವನ್ನೂ ತೆಗೆದೆ. ಸರಾಸರಿ ನೋಡಿದರೆ ಎರಡರ ನಡುವೆ ಎರಡೇ ಅಂಕದ ಅಂತರ, ನಂಬಿ ಸುಮ್ಮನಾಗುವಂಥದ್ದು. ಆದರೆ ಶಾಂತ ದೃಶ್ಯಗಳೇ ಹೆಚ್ಚಿರುವ ವಿಡಿಯೊದಲ್ಲಿ ಸರಾಸರಿಯು ಕೆಟ್ಟ ಗಳಿಗೆಗಳನ್ನು ಮುಚ್ಚಿಬಿಡುತ್ತದೆ. ಫ್ರೇಮ್‌ವಾರು ಪಟ್ಟಿ ತೆಗೆದು ತೇರು ಕದಲಿದ ಭಾಗವನ್ನಷ್ಟೇ ನೋಡಿದಾಗ ಅಂತರ ಹತ್ತು ಅಂಕ ದಾಟಿತ್ತು.

ಹಾರ್ಡ್‌ವೇರಿನ ಕೊರತೆಗೆ ಸಾಮಾನ್ಯ ಪರಿಹಾರ ಬಿಟ್‌ರೇಟ್ ಏರಿಸುವುದು. ಇದೇ ಭಾಗವನ್ನು ಎನ್‌ವೆಂಕ್‌ನಲ್ಲಿ 12 ಮೆಗಾಬಿಟ್‌ಗೆ ತೆಗೆದಾಗ ಮುಖಗಳು ಮರಳಿ ಬಂದವು. ಆ ಲೆಕ್ಕದಲ್ಲಿ ಫೈಲ್ ಸುಮಾರು 7 ಜಿಬಿ ಆಗುತ್ತದೆ, ಪೆನ್‌ಡ್ರೈವಿಗೆ ಅದು ಆಗದು. ಹೊಸ ಎಚ್‌ಇವಿಸಿ ಮಾದರಿಯ `hevc_nvenc` ಕಡಿಮೆ ಬಿಟ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಕೊಡುತ್ತದೆ, ಆದರೆ ಹಳೆಯ ಟಿವಿಗಳು ಅದನ್ನು ಓದುವುದಿಲ್ಲ. ಯೂಟ್ಯೂಬಿಗೆ ಹಾಕುವುದಾದರೆ 4 ಜಿಬಿಯ ಕಟ್ಟಿಲ್ಲ, ಅಲ್ಲಿ ಹೇಗೂ ಮತ್ತೊಮ್ಮೆ ಎನ್‌ಕೋಡ್ ಆಗುತ್ತದೆ. ಅದಕ್ಕೆ ನಾನು ಎನ್‌ವೆಂಕ್‌ನಲ್ಲೇ 40 ಮೆಗಾಬಿಟ್‌ನ ಪ್ರತಿ ಕೊಡುತ್ತೇನೆ.

ಎನ್‌ವೆಂಕ್ ಆರಿಸಿದರೂ ರೆಂಡರ್ ಬೇಗ ಮುಗಿಯದ ಸಂದರ್ಭವೂ ಉಂಟು. ರಾತ್ರಿಯ ದೃಶ್ಯಗಳಿಗೆ ನಾಯ್ಸ್ ರಿಡಕ್ಷನ್ ಹಾಕಿದ್ದ ಟೈಮ್‌ಲೈನನ್ನು ನೇರವಾಗಿ ಎಕ್ಸ್‌ಪೋರ್ಟ್ ಮಾಡಿದಾಗ ಎರಡೂ ವಿಧಾನಗಳಿಗೆ ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯಿತು. ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ `Video Encode` ಗೆರೆ ತಳದಲ್ಲೇ ತೆವಳುತ್ತಿದ್ದರೆ ಎನ್‌ಕೋಡರ್ ಕೆಲಸವಿಲ್ಲದೆ ಕಾಯುತ್ತಿದೆ, ತಡವಾಗುತ್ತಿರುವುದು ಎಫೆಕ್ಟಿನಿಂದ ಎಂದು ತಿಳಿಯಬೇಕು. ಅಂಥಲ್ಲಿ ಗುಣಮಟ್ಟ ಬಿಟ್ಟುಕೊಟ್ಟು ಹಾರ್ಡ್‌ವೇರ್ ಆರಿಸಿದರೆ ಪ್ರತಿಯಾಗಿ ಏನೂ ಸಿಗುವುದಿಲ್ಲ.

ಈಗ ತಿದ್ದುಪಡಿಗೆ ಕಳಿಸುವ ಪ್ರತಿಗಳೆಲ್ಲ ಎನ್‌ವೆಂಕ್‌ನವು. ಹೆಸರಿನಲ್ಲಿ ಒಂದಕ್ಷರ ತಪ್ಪಿದೆ ಎಂದು ಫೋನ್ ಬಂದರೆ ಊಟದೊಳಗೆ ಹೊಸ ಪ್ರತಿ ಸಿದ್ಧವಾಗುತ್ತದೆ. ಪೆನ್‌ಡ್ರೈವಿನ ಕೊನೆಯ ಪ್ರತಿಯನ್ನು ಮಾತ್ರ ಅಂಗಡಿ ಮುಚ್ಚುವ ಮುನ್ನ ಎಕ್ಸ್264ಗೆ ಹಚ್ಚಿ, ಕರೆಂಟಿನ ಭಯಕ್ಕೆ, ಅರ್ಧಕ್ಕೆ ನಿಂತರೂ ತೆರೆಯುವ ಎಂಕೆವಿಯಾಗಿ ಬರೆಸಿ, ಮುಂಜಾನೆ `-c copy` ಕೊಟ್ಟು ಎಂಪಿ4 ಮಾಡಿಕೊಳ್ಳುತ್ತೇನೆ. ಆ ಹಳ್ಳಿಗೂ ಎರಡನೆಯ ಸಲ ಹೋದದ್ದು ಹೀಗೆ ಮಾಡಿದ ಪ್ರತಿಯೇ.