ಥ್ರೆಶೋಲ್ಡ್ ಎಲ್ಲಿಡಬೇಕು? ಒಂದೇ ಮಾಡೆಲ್, ನಾಲ್ಕು ಸೆಟ್ಟಿಂಗ್

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಅಲ್ಯೂಮಿನಿಯಂ ಪಂಪ್ ಬಾಡಿಗಳ ಲೈನ್‌ಗೆ ಕ್ಯಾಮೆರಾ ಹಾಕಿದ್ದೇವೆ. ಮಷೀನಿಂಗ್ ಆದ ಮೇಲೆ ಸೀಲ್ ಕೂರುವ ಮುಖವನ್ನು ಅದು ರಿಂಗ್ ಲೈಟ್ ಬೆಳಕಲ್ಲಿ ನೋಡುತ್ತದೆ. ಬ್ಲೋ ಹೋಲ್ ಇದೆಯಾ, ಕೂದಲೆಳೆಯಂಥ ಬಿರುಕು ಇದೆಯಾ ಅಂತ ಮಾಡೆಲ್ 0 ರಿಂದ 1 ರ ಒಳಗೆ ಒಂದು ಸ್ಕೋರ್ ಕೊಡುತ್ತದೆ. ಸ್ಕೋರ್ ಎಷ್ಟು ದಾಟಿದರೆ ಪೀಸನ್ನು ಲೈನ್‌ನಿಂದ ತೆಗೆಯಬೇಕು ಅನ್ನೋದು ಮಾತ್ರ ನಮ್ಮ ಕೈಯಲ್ಲಿದೆ. ಮಾಡೆಲ್ ಮುಟ್ಟದೆ ಆ ಒಂದು ಸಂಖ್ಯೆಯನ್ನೇ ನಾಲ್ಕು ಥರ ಇಟ್ಟು ನೋಡಿದೆ.

ಹೋಲಿಕೆಗೆ 10,000 ಪೀಸ್ ತೆಗೆದುಕೊಳ್ಳೋಣ. ಅದರಲ್ಲಿ 200 ನಿಜವಾಗಿ ಕೆಟ್ಟವು, ಅಂದರೆ ಶೇ. 2. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಮಾಡೆಲ್ ಕಲಿಯುವಾಗ ನೋಡದೇ ಇದ್ದ ಲಾಟ್‌ಗಳ ಪೀಸ್‌ಗಳೇ ಆಗಿರಬೇಕು, ಇದು ಮುಖ್ಯ. ಒಂದೇ ಲಾಟ್‌ನ ಫೋಟೋಗಳು ಕಲಿಕೆ, ಪರೀಕ್ಷೆ ಎರಡೂ ಕಡೆ ಹಂಚಿಹೋದರೆ ಅಂಕಿಗಳೆಲ್ಲ ಸುಮ್ನೆ ಚೆನ್ನಾಗಿ ಕಾಣುತ್ತವೆ.

| ಥ್ರೆಶೋಲ್ಡ್ | ತೆಗೆದಿಟ್ಟ ಪೀಸ್ | ಅದರಲ್ಲಿ ನಿಜವಾಗಿ ಕೆಟ್ಟವು | ಪ್ರಿಸಿಷನ್ | ರಿಕಾಲ್ | ತಪ್ಪಿಸಿಕೊಂಡವು |
|---|---|---|---|---|---|
| 0.50 | 170 | 150 | 88% | 75% | 50 |
| 0.38 | 210 | 168 | 80% | 84% | 32 |
| 0.12 | 700 | 196 | 28% | 98% | 4 |

ತೆಗೆದಿಟ್ಟ ಪೀಸ್‌ಗಳಲ್ಲಿ ಎಷ್ಟು ಪಾಲು ನಿಜವಾಗಿ ಕೆಟ್ಟವು ಅನ್ನೋದು ಪ್ರಿಸಿಷನ್. ಇದ್ದ ಕೆಟ್ಟ ಪೀಸ್‌ಗಳಲ್ಲಿ ಎಷ್ಟು ಪಾಲು ಸಿಕ್ಕವು ಅನ್ನೋದು ರಿಕಾಲ್.

0.50 ಅಂದರೆ ಸಾಫ್ಟ್‌ವೇರ್ ತಾನಾಗಿ ಇಟ್ಟುಕೊಂಡು ಬರುವ ಸಂಖ್ಯೆ. ಅದಕ್ಕೆ ನಮ್ಮ ಲೈನ್ ಜೊತೆ ಯಾವ ಸಂಬಂಧವೂ ಇಲ್ಲ. ಸ್ಕೋರ್ 0.5 ಇದ್ದರೆ ಪೀಸ್ ಕೆಟ್ಟಿರುವ ಸಾಧ್ಯತೆ ಅರ್ಧಕ್ಕರ್ಧ ಅಂತ ಅರ್ಥವಲ್ಲ. 0.38 ಸಿಕ್ಕಿದ್ದು, ಪ್ರಿಸಿಷನ್ ಮತ್ತು ರಿಕಾಲ್ ಸೇರಿಸಿ ಒಂದೇ ಅಂಕಿ ಮಾಡುವ F1 ಅತಿ ಹೆಚ್ಚಾಗುವ ಜಾಗ ಹುಡುಕಿದಾಗ. ಇದು ಮೊದಲನೆಯದಕ್ಕಿಂತ ವಾಸಿ, ಆದರೆ F1 ಆ ಎರಡಕ್ಕೂ ಸಮ ತೂಕ ಕೊಡುತ್ತದೆ. ನಮ್ಮ ಲೈನ್‌ನಲ್ಲಿ ಎರಡು ತಪ್ಪುಗಳ ಬೆಲೆ ಸಮ ಅಲ್ವೇ ಅಲ್ಲ. ಒಂದು ಪೀಸನ್ನು ಇನ್ನೊಮ್ಮೆ ನೋಡಲು ಸುಮಾರು 20 ಸೆಕೆಂಡು ಬೇಕು, ಅದಕ್ಕೆ ₹10 ಹಿಡಿದಿದ್ದೇವೆ. ಕೆಟ್ಟ ಪೀಸ್ ಗ್ರಾಹಕರ ಹತ್ತಿರ ಹೋಗಿ ಸೀಲ್ ಸೋರಿದರೆ, ಅಲ್ಲಿ ಹೋಗಿ ಸಾರ್ಟಿಂಗ್ ಮಾಡಿ ವಾಪಸ್ ತರುವ ಖರ್ಚು ಪೀಸಿಗೆ ₹1,500.

ತೆಗೆದಿಟ್ಟ ಪೀಸ್‌ಗಳನ್ನು ಇನ್ಸ್‌ಪೆಕ್ಟರ್ ಒಂದೂ ಬಿಡದೆ ಸರಿಯಾಗಿ ನೋಡುತ್ತಾರೆ ಅಂತ ಸದ್ಯಕ್ಕೆ ಇಟ್ಟುಕೊಳ್ಳೋಣ. ಆಗ 0.50 ಕ್ಕೆ ಖರ್ಚು ₹76,700, 0.38 ಕ್ಕೆ ₹50,100, 0.12 ಕ್ಕೆ ₹13,000. ನೋಡಲು ಅತ್ಯಂತ ಕೆಟ್ಟದಾಗಿರುವ 28% ಪ್ರಿಸಿಷನ್‌ನ ಸೆಟ್ಟಿಂಗೇ ಎಲ್ಲಕ್ಕಿಂತ ಅಗ್ಗ.

0.12 ಬಂದಿದ್ದು ಹೀಗೆ. ಮೊದಲು ಬೇಕಾದ ರಿಕಾಲ್ ಗಟ್ಟಿ ಮಾಡಿಕೊಂಡು, ಅದು ಕೈತಪ್ಪದ ಹಾಗೆ ಥ್ರೆಶೋಲ್ಡನ್ನು ಎಷ್ಟು ಮೇಲೆ ಇಡಬಹುದೋ ಅಷ್ಟು ಮೇಲೆ ಇಡುವುದು:

```python
from sklearn.metrics import precision_recall_curve
p, r, t = precision_recall_curve(y, score)
th = t[r[:-1] >= 0.98].max()
```

`r` ನಲ್ಲಿ `t` ಗಿಂತ ಒಂದು ಬೆಲೆ ಜಾಸ್ತಿ ಇರುತ್ತದೆ. ಅದಕ್ಕೇ ಅಲ್ಲಿ `[:-1]`.

ಈ 28% ಬಗ್ಗೆ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ಜಗಳ ಆಗುವುದು ಇಲ್ಲೇ. ಇದೇ ಮಾಡೆಲನ್ನು, ಇದೇ 0.12 ಇಟ್ಟು, 200 ಕೆಟ್ಟ ಮತ್ತು 200 ಒಳ್ಳೆಯ ಪೀಸ್‌ಗಳ ಮೇಲೆ ಓಡಿಸಿದರೆ ಪ್ರಿಸಿಷನ್ 95% ಬರುತ್ತದೆ. ಮಾಡೆಲ್ ಒಳ್ಳೆಯ ಪೀಸ್‌ಗಳಲ್ಲಿ ಶೇ. 5 ಕ್ಕಿಂತ ಸ್ವಲ್ಪ ಹೆಚ್ಚು ಪಾಲನ್ನು ತಪ್ಪಾಗಿ ಹಿಡಿಯುತ್ತದೆ. ಒಳ್ಳೆಯವು 200 ಇದ್ದರೆ ಅದು ಸುಮಾರು 10 ಪೀಸ್. ಒಳ್ಳೆಯವು 9,800 ಇದ್ದರೆ 504. ಡೆಮೊದಲ್ಲಿ ತೋರಿಸುವ ಪ್ರಿಸಿಷನ್ ಯಾವ ಮಿಶ್ರಣದ ಮೇಲೆ ಬಂದದ್ದು ಅಂತ ಕೇಳದೆ ಅದನ್ನು ನಂಬಬೇಡಿ. ಇದರ ಇನ್ನೊಂದು ಮುಖವೂ ಇದೆ. ಡೈ ರಿಪೇರಿಯಾಗಿ ಕೆಟ್ಟ ಪೀಸ್‌ಗಳು ಶೇ. 0.5 ಕ್ಕೆ ಇಳಿದರೆ ಪ್ರಿಸಿಷನ್ ಸುಮಾರು 9% ಗೆ ಬೀಳುತ್ತದೆ. ಮಾಡೆಲ್ ಕೆಟ್ಟಿಲ್ಲ, ಹಿಡಿಯಲು ಕೆಟ್ಟ ಪೀಸ್ ಕಡಿಮೆಯಾಗಿವೆ ಅಷ್ಟೇ.

ಹಾಗಾದರೆ 0.12 ಇಟ್ಟು ಮುಗಿಸಬಹುದಲ್ವಾ? ಕಾಗದದ ಮೇಲೆ ಹೌದು. ಶಿಫ್ಟಿಗೆ 2,000 ಪೀಸ್ ಅಂದರೆ 140 ಪೀಸ್ ಮರುಪರೀಕ್ಷೆಗೆ ಬರುತ್ತವೆ. ಮುಕ್ಕಾಲು ಗಂಟೆಯ ಕೆಲಸ, ಆಗದ್ದೇನಲ್ಲ. ಆದರೆ ಇನ್ಸ್‌ಪೆಕ್ಟರ್ ಹೇಳಿದ್ದು ಕೇಳಿ: “ಸಾರ್, ಹತ್ತು ಪೀಸ್ ಕೊಟ್ರೆ ಏಳು ಚೆನ್ನಾಗೇ ಇರ್ತವೆ. ಆಮೇಲಾಮೇಲೆ ಕೈ ತಾನಾಗೇ ಓಕೆ ಟ್ರೇಗೆ ಹೋಗುತ್ತೆ.” ಅವರು ಹೇಳಿದ್ದು ಅಕ್ಷರಶಃ ನಿಜ. ಗೊತ್ತಿರುವ ಕೆಟ್ಟ ಪೀಸ್‌ಗಳನ್ನು ಗುರುತು ಹಾಕಿ ಬೆರೆಸಿ ಕೊಟ್ಟಾಗ ಹತ್ತರಲ್ಲಿ ಒಂದು ಓಕೆ ಆಗಿ ಹೋಗುತ್ತಿತ್ತು. ಅಲ್ಲಿಗೆ ಲೈನ್‌ನ ನಿಜವಾದ ರಿಕಾಲ್ 98 ಅಲ್ಲ, 98 ರ ಶೇ. 90, ಅಂದರೆ 88. ತಪ್ಪಿಸಿಕೊಂಡವು 4 ಅಲ್ಲ, ಸುಮಾರು 24. ಖರ್ಚು ₹13,000 ದಿಂದ ₹43,000 ಕ್ಕೆ ಏರಿತು.

ನಾಲ್ಕನೆಯ ಸೆಟ್ಟಿಂಗ್ ಇಲ್ಲಿಂದ ಹುಟ್ಟಿತು: ಒಂದರ ಬದಲು ಎರಡು ಥ್ರೆಶೋಲ್ಡ್. 0.80 ದಾಟಿದ ಪೀಸ್ ಯಾರ ಕೈಗೂ ಹೋಗದೆ ಸೀದಾ ಕೆಂಪು ಡಬ್ಬಿಗೆ. 0.12 ರಿಂದ 0.80 ರ ನಡುವಿನದು ಮಾತ್ರ ಇನ್ಸ್‌ಪೆಕ್ಟರ್ ಹತ್ತಿರ. 0.80 ರ ಮೇಲೆ 112 ಪೀಸ್ ಬಂದವು, 110 ನಿಜವಾಗಿ ಕೆಟ್ಟವು. ಎರಡು ಒಳ್ಳೆಯ ಪೀಸ್ ಸ್ಕ್ರ್ಯಾಪ್ ಆದವು, ಒಂದಕ್ಕೆ ₹400 ರಂತೆ ₹800. ನಡುವೆ ಉಳಿದ 588 ರಲ್ಲಿ ಕೆಟ್ಟವು 86. ಅದರ ಹತ್ತರಲ್ಲೊಂದು ತಪ್ಪಿದರೂ 9. ಮೊದಲಿನ 4 ಸೇರಿಸಿದರೆ 13. ಒಟ್ಟು ಖರ್ಚು ಸುಮಾರು ₹26,000. ಮನುಷ್ಯರ ಕಣ್ಣಿನ ಮೇಲೆ ನಿಂತಿರುವ ಕೆಟ್ಟ ಪೀಸ್‌ಗಳು 196 ರಿಂದ 86 ಕ್ಕೆ ಇಳಿದಿವೆ, ಉಳಿತಾಯ ಬಂದದ್ದು ಅಲ್ಲಿಂದ. ನಾನು ಈಗ ಇದನ್ನೇ ಇಟ್ಟಿದ್ದೇನೆ.

ಆದರೂ ಎಲ್ಲ ಲೈನ್‌ಗೂ ಇದು ಸರಿ ಅನ್ನಲಾರೆ. ಪೀಸ್ ಒಂದಕ್ಕೆ ಸಾವಿರಾರು ರೂಪಾಯಿ ಆಗುವ ಕಡೆ ನೋಡದೆ ಸ್ಕ್ರ್ಯಾಪ್ ಮಾಡುವುದು ನಷ್ಟ. ಅಲ್ಲಿ ಮೇಲಿನ ಥ್ರೆಶೋಲ್ಡ್ ತೆಗೆದು, ಒಂದೇ ಪೀಸನ್ನು ಇಬ್ಬರು ನೋಡುವ ಹಾಗೆ ಮಾಡುವುದೇ ಮೇಲು.

ಒಟ್ಟು ರಿಕಾಲ್ ಹೇಳದ ಒಂದು ವಿಷಯ ಇದೆ. ಆ 200 ರಲ್ಲಿ 160 ಬ್ಲೋ ಹೋಲ್, 40 ಬಿರುಕು. 0.12 ರಲ್ಲಿ ತಪ್ಪಿದ ನಾಲ್ಕೂ ಬಿರುಕುಗಳೇ. ಅಂದರೆ ಬ್ಲೋ ಹೋಲ್‌ಗೆ ರಿಕಾಲ್ 100%, ಬಿರುಕಿಗೆ 90%. 0.50 ರಲ್ಲಂತೂ 40 ಬಿರುಕುಗಳಲ್ಲಿ 14 ಮಾತ್ರ ಸಿಕ್ಕಿದ್ದವು. ಬ್ಲೋ ಹೋಲ್ ಕಪ್ಪು ಚುಕ್ಕಿಯಾಗಿ ಎದ್ದು ಕಾಣುತ್ತದೆ. ಬಿರುಕು ಟೂಲ್ ಗೆರೆಗಳ ಜೊತೆ ಬೆರೆತುಹೋಗುತ್ತದೆ, ಅದಕ್ಕೇ ಸ್ಕೋರ್ ಕಡಿಮೆ. ಪಂಪ್ ಸೋರುವುದು ಜಾಸ್ತಿ ಬಿರುಕಿನಿಂದಲೇ ಆಗಿದ್ದರೆ ನೀವು ನೋಡಬೇಕಾದ ಸಂಖ್ಯೆ 98 ಅಲ್ಲ, 90. ಅದೂ ಬರೀ 40 ಪೀಸ್ ಮೇಲೆ ಬಂದ 90. ಇನ್ನೆರಡು ತಪ್ಪಿದ್ದರೆ 85 ಆಗುತ್ತಿತ್ತು. ಥ್ರೆಶೋಲ್ಡ್ ತಿರುವುವುದಕ್ಕಿಂತ ಬೆಳಕನ್ನು ಓರೆಯಾಗಿ ಬೀಳುವಂತೆ ಇಡುವುದು ಬಿರುಕಿಗೆ ಹೆಚ್ಚು ಸಹಾಯ ಮಾಡುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಲೈನ್ ಓಡುತ್ತಿರುವಾಗ ಪ್ರಿಸಿಷನ್ ತಾನಾಗಿ ಗೊತ್ತಾಗುತ್ತದೆ, ತೆಗೆದಿಟ್ಟ ಪೀಸ್‌ಗಳು ಮೇಜಿನ ಮೇಲೇ ಇರುತ್ತವೆ. ರಿಕಾಲ್ ಹಾಗಲ್ಲ. ತಪ್ಪಿಸಿಕೊಂಡವು ಓಕೆ ಡಬ್ಬಿಯಲ್ಲಿ ಪ್ಯಾಕ್ ಆಗಿ ಹೋಗಿರುತ್ತವೆ. ಅದಕ್ಕೆ ಪ್ರತಿ ಶಿಫ್ಟಲ್ಲೂ ಓಕೆ ಡಬ್ಬಿಯಿಂದ ಕೆಲವು ಪೀಸ್ ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಡುತ್ತೇವೆ. ಸಿಕ್ಕಿದ್ದನ್ನು ತೆಗೆಯುವುದಕ್ಕಿಂತ 0.05 ರಿಂದ 0.12 ರ ನಡುವೆ ಸ್ಕೋರ್ ಬಂದವನ್ನು ಜಾಸ್ತಿ ಆರಿಸುತ್ತೇವೆ, ತಪ್ಪಿದ್ದು ಇದ್ದರೆ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಜೊತೆಗೆ ತೀರಾ ಕಡಿಮೆ ಸ್ಕೋರಿನವೂ ಒಂದಷ್ಟು ಇರಲೇಬೇಕು, ಮಾಡೆಲ್ ಯಾವತ್ತೂ ಕಾಣದ ಹೊಸ ಥರದ ದೋಷಕ್ಕೆ 0.01 ಬಂದರೂ ಬರಬಹುದು.