ದೊಡ್ಡ ತೊಟ್ಟಿಯೋ, ಎರಡು ಡ್ರಮ್ಮೋ?

ಮಳೆಗೆ ಹರಿದುಹೋಗುವ ನೀರು ಎಷ್ಟು, ಅದರ ಜೊತೆ ಕೊಚ್ಚಿಹೋಗುವ ಮಣ್ಣು ಎಷ್ಟು ಎಂದು ಅಳೆಯಲು ಚಿತ್ರದುರ್ಗದ ಕಡೆಯ ಕೆಂಪು ಮಣ್ಣಿನ ಇಳಿಜಾರಲ್ಲಿ ಎರಡು ತಾಕು ಮಾಡಿದ್ದೆವು. ಉದ್ದ 22 ಮೀಟರ್, ಅಗಲ 1.8. ಅಂದರೆ ಸುಮಾರು 40 ಚದರ ಮೀಟರ್. ಹೊರಗಿನ ನೀರು ನುಗ್ಗದಂತೆ ಸುತ್ತಲೂ ತಗಡು ಹೂತಿದ್ದೆವು. ಎರಡರಲ್ಲೂ ಬೆಳೆ ಇರಲಿಲ್ಲ. ಒಂದರ ಬುಡದಲ್ಲಿ 1000 ಲೀಟರಿನ ತೊಟ್ಟಿ. ಇನ್ನೊಂದರಲ್ಲಿ 200 ಲೀಟರಿನ ಎರಡು ಡ್ರಮ್ಮು, ನಡುವೆ 11 ಸೀಳಿನ ತಗಡಿನ ಪೆಟ್ಟಿಗೆ. ಮೊದಲ ಡ್ರಮ್ಮು ತುಂಬಿ ಉಕ್ಕಿದ ನೀರು ಸೀಳುಗಳಲ್ಲಿ ಹಂಚಿಕೊಂಡು ಹೋಗುತ್ತದೆ. ನಡುವಿನ ಸೀಳಿನದ್ದು ಮಾತ್ರ ಎರಡನೇ ಡ್ರಮ್ಮಿಗೆ, ಉಳಿದ ಹತ್ತು ಪಾಲು ಹೊರಗೆ.

ತೊಟ್ಟಿ ಕೂರಿಸುವುದು ಸುಲಭ, ಸ್ಕೇಲ್ ಇಳಿಸಿ ಓದಿದರಾಯಿತು. ಮುಚ್ಚಳ ಮಾತ್ರ ಮರೆಯಬಾರದು. ಬಾಯಿ ಒಂದು ಚದರ ಮೀಟರ್ ಇದ್ದರೆ 62 ಮಿ.ಮೀ. ಮಳೆಗೆ 62 ಲೀಟರ್ ನೇರ ಆಕಾಶದಿಂದಲೇ ಬಿದ್ದಿರುತ್ತದೆ.

ಡ್ರಮ್ಮಿನ ಕೆಲಸ ತಲೆನೋವು. ಪೆಟ್ಟಿಗೆ ಕೂರಿಸಿ 110 ಲೀಟರ್ ನೀರು ಬಿಟ್ಟು ನೋಡಿದೆವು. ನಡುವಿನ ಸೀಳಲ್ಲಿ 10 ಲೀಟರ್ ಬರಬೇಕಿತ್ತು, ಬಂದದ್ದು 8.6. ಕಣ್ಣಿಗೆ ಕಾಣದಷ್ಟು ವಾಲಿತ್ತು, ಅಷ್ಟೇ. ಹಾಗೇ ಬಿಟ್ಟಿದ್ದರೆ ಉಕ್ಕಿದ ನೀರಿನ ಲೆಕ್ಕ ಪ್ರತಿ ಸಲ ಶೇ. 14 ಕಡಿಮೆ ಬರುತ್ತಿತ್ತು! ಟ್ಯೂಬ್ ಲೆವೆಲ್ ಹಿಡಿದು ಸರಿ ಮಾಡುವಷ್ಟರಲ್ಲಿ ಅರ್ಧ ದಿನ ಹೋಯಿತು. ಒಂದು ಎಲೆ ಸಿಕ್ಕಿಕೊಂಡರೂ ಪಾಲು ತಪ್ಪುತ್ತದೆ, ಅದಕ್ಕೆ ಮುಂದೆ ಜಾಲರಿ ಬೇಕೇ ಬೇಕು.

ನಿಜವಾದ ವ್ಯತ್ಯಾಸ ತಿಳಿದದ್ದು ಆ 62 ಮಿ.ಮೀ. ಮಳೆಯ ಮರುದಿನ. ತೊಟ್ಟಿಯಲ್ಲಿ 870 ಲೀಟರ್. ಡ್ರಮ್ಮಿನ ಲೆಕ್ಕ 200 ಮತ್ತು 58ರ ಹನ್ನೊಂದು ಪಟ್ಟು, ಒಟ್ಟು 838. ತಾಕಿನ ವಿಸ್ತೀರ್ಣಕ್ಕೆ ಹರಡಿದರೆ ಎರಡೂ 21 ಮಿ.ಮೀ. ಆಸುಪಾಸು. ನೀರು ಹೊಂದಿಕೊಂಡಿತು, ಮಣ್ಣು ಹೊಂದಲಿಲ್ಲ. ತೊಟ್ಟಿ ಕಲಕಿ ಬಾಟಲಿಗೆ ತೆಗೆದ ಸ್ಯಾಂಪಲ್ ಪ್ರಕಾರ 4.1 ಕಿಲೋ. ಡ್ರಮ್ಮಿನಲ್ಲಿ ತಳದ ಕೆಸರು ಒಣಗಿಸಿ 6.2, ನೀರಲ್ಲಿ ತೇಲುತ್ತಿದ್ದದ್ದು 2.5, ಒಟ್ಟು 8.7 ಕಿಲೋ. ಹೆಕ್ಟೇರಿಗೆ ಸುಮಾರು 2.2 ಟನ್. ಎಷ್ಟು ಕಲಕಿದರೂ ಮರಳು ಕ್ಷಣದಲ್ಲಿ ತಳ ಸೇರುತ್ತದೆ ಅಲ್ವಾ, ಬಾಟಲಿಗೆ ಸಿಗುವುದು ಬರೀ ಸಣ್ಣ ಗೋಡು. ಅನುಮಾನ ಬಂದು ತೊಟ್ಟಿ ಬಸಿದು ತಳ ಕೆರೆದೆವು. ಇನ್ನೂ ನಾಲ್ಕು ಕಿಲೋ ಮಣ್ಣು ಅಲ್ಲೇ ಕೂತಿತ್ತು.

ಆಮೇಲೆ 96 ಮಿ.ಮೀ. ಮಳೆ ಬಂತು. ತೊಟ್ಟಿ ಉಕ್ಕಿ ಹರಿಯಿತು. '25 ಮಿ.ಮೀ.ಗಿಂತ ಜಾಸ್ತಿ' ಎಂದಷ್ಟೇ ಪುಸ್ತಕದಲ್ಲಿ ಬರೆಯಬೇಕಾಯಿತು. ಡ್ರಮ್ಮು ಎರಡನೆಯದರಲ್ಲಿ 150 ಲೀಟರ್ ಹಿಡಿದು 46 ಮಿ.ಮೀ. ತೋರಿಸಿತು.

ಹರಿಯುವ ನೀರು 5 ಮಿ.ಮೀ. ಒಳಗಿದ್ದರೆ ಸೀಳಿನವರೆಗೆ ಬರುವುದೇ ಇಲ್ಲ, ಆಗ ಯಾವುದಾದರೂ ಸರಿ. ನಾನು ಈಗ ಡ್ರಮ್ಮನ್ನೇ ಹಾಕುತ್ತೇನೆ. ಮುಂಗಾರಿಗೆ ಮುಂಚೆ 110 ಲೀಟರ್ ಮತ್ತೆ ಸುರಿದು ನೋಡುತ್ತೇನೆ, ಏಕೆಂದರೆ ಬೇಸಿಗೆಯಲ್ಲಿ ನೆಲ ಕುಸಿದು ಪೆಟ್ಟಿಗೆ ವಾಲಿರುತ್ತದೆ.