ಶೇಕಡಾ 90 ಹಣ ಕೊಟ್ಟೆ, ಸಿಕ್ಕಿದ್ದು ಬರೀ ಮುಖಪುಟ

ನಾನು ಕೈಯಲ್ಲೇ ಹೊಲಿದ ನೋಟ್‌ಬುಕ್‌ಗಳನ್ನು ಮಾರುತ್ತೇನೆ. ಅದಕ್ಕೊಂದು ಸೈಟ್ ಮಾಡಿಸಲು ಹೊರಟೆ. ಅದರಲ್ಲಿ ನನಗೆ ಬೇಕಾಗಿದ್ದು ಜಾಸ್ತಿಯೇನಲ್ಲ. 46 ಬಗೆಯ ನೋಟ್‌ಬುಕ್‌ಗಳ ಪುಟ, ಕಾರ್ಟ್, ಪೇಮೆಂಟ್, ಬೆಲೆಯನ್ನು ನಾನೇ ಬದಲಾಯಿಸಿಕೊಳ್ಳಲು ಒಂದು ಅಡ್ಮಿನ್ ಪ್ಯಾನೆಲ್. 10 ವಾರದಲ್ಲಿ ಮುಗಿಸಿ ಕೊಡುತ್ತೇನೆ ಎಂದು ಡೆವಲಪರ್ ಒಪ್ಪಿಕೊಂಡರು. ಈಗ 21ನೇ ವಾರ ನಡೆಯುತ್ತಿದೆ.

ಹಣವನ್ನು ನಾಲ್ಕು ಕಂತು ಮಾಡಿದ್ದೆವು. ಮುಂಗಡ ಶೇಕಡಾ 30, ಡಿಸೈನ್ ಒಪ್ಪಿದ ಮೇಲೆ 30, 'ಡೆವಲಪ್‌ಮೆಂಟ್ ಮುಗಿದ ಮೇಲೆ' 30, ಸೈಟ್ ಲೈವ್ ಆದ ಮೇಲೆ ಉಳಿದ 10. ನಾನು ಎಡವಿದ್ದು ಆ ಮೂರನೇ ಕಂತಿನಲ್ಲಿ. ಡೆವಲಪ್‌ಮೆಂಟ್ ಮುಗಿಯುವುದು ಅಂದರೆ ಏನು ಎಂದು ಇಬ್ಬರೂ ಬರೆದುಕೊಂಡಿರಲಿಲ್ಲ.

ಡಿಸೈನ್ ಹೇಳಿದ ದಿನಕ್ಕೇ ಬಂತು, ಚೆನ್ನಾಗಿಯೂ ಇತ್ತು. ಅದನ್ನು ಇಲ್ಲ ಅನ್ನುವುದಿಲ್ಲ. ಆರನೇ ವಾರದಿಂದ ಎಳೆಯಲು ಶುರುವಾಯಿತು. ಮೊದಲು ಜ್ವರ, ಆಮೇಲೆ ಸರ್ವರ್ ಸಮಸ್ಯೆ, ಆಮೇಲೆ 'ಎಲ್ಲಾ ಆಗಿದೆ, ಸಣ್ಣಪುಟ್ಟದ್ದು ಬಾಕಿ'. 11ನೇ ವಾರ ಒಂದು ಲಿಂಕ್ ಕಳಿಸಿದರು. ಫೋನಿನಲ್ಲಿ ತೆರೆದು ನೋಡಿದೆ. ಫೋಟೋಗಳೆಲ್ಲ ಇದ್ದವು. ಬಟನ್ ಒತ್ತಿದರೆ ಕಾರ್ಟ್ ಪಕ್ಕದ ಅಂಕಿ ಒಂದರಿಂದ ಎರಡಾಗುತ್ತಿತ್ತು. ಅದನ್ನು ನೋಡಿಯೇ ಕರಗಿ ಹೋದೆ. ಅವತ್ತು ರಾತ್ರಿಯೇ ಮೂರನೇ ಕಂತು ಹಾಕಿದೆ, ಅದೂ ನೇರ ಬ್ಯಾಂಕ್ ಖಾತೆಗೆ.

ಅಡ್ಮಿನ್ ಪ್ಯಾನೆಲ್‌ನ ಪಾಸ್‌ವರ್ಡ್ ಕೈಗೆ ಸಿಗಲು ಇನ್ನೂ ಎರಡು ವಾರ ಬೇಕಾಯಿತು. ಒಂದು ನೋಟ್‌ಬುಕ್‌ನ ಬೆಲೆ ಬದಲಾಯಿಸಿ ಸೇವ್ ಮಾಡಿದೆ. ಸೈಟ್‌ನಲ್ಲಿ ಹಳೇ ಬೆಲೆಯೇ ಇತ್ತು. 'ಫೋನ್ ಉಳಿಸಿಟ್ಟುಕೊಂಡ ಹಳೇ ಪುಟ ಇರಬಹುದು, ಸ್ವಲ್ಪ ಹೊತ್ತು ಬಿಟ್ಟು ನೋಡಿ' ಎಂದರು ಡೆವಲಪರ್. ಮರುದಿನ ಬೇರೆಯವರ ಫೋನಿನಲ್ಲಿ ನೋಡಿದರೂ ಅದೇ. ಕೊನೆಗೆ ಈ ಕೆಲಸ ಗೊತ್ತಿರುವ ಗೆಳತಿ ಪುಟದ ಸೋರ್ಸ್, ಅಂದರೆ ಅದರ ಹಿಂದಿನ ಕೋಡ್, ತೆರೆದು ನೋಡಿದಳು. 46 ಬೆಲೆಗಳನ್ನೂ ಪುಟದೊಳಗೇ ಟೈಪ್ ಮಾಡಿ ಇಟ್ಟಿದ್ದರು. ಪ್ಯಾನೆಲ್‌ಗೂ ಸೈಟ್‌ಗೂ ಸಂಬಂಧವೇ ಇರಲಿಲ್ಲ.

ಅವಳೇ ಇನ್ನೊಂದನ್ನೂ ತೋರಿಸಿದಳು. ನಮ್ಮ ಸೈಟ್‌ನ ಪೇಮೆಂಟ್ ಸ್ಟ್ರೈಪ್ ಎಂಬ ಕಂಪನಿಯದು. ಪರೀಕ್ಷೆಗೆಂದೇ ಆ ಕಂಪನಿ ಕೊಡುವ `4242 4242 4242 4242` ಕಾರ್ಡ್ ನಂಬರ್ ಹಾಕಿದಳು. ತಕ್ಷಣ 'ಹಣ ಪಾವತಿಯಾಗಿದೆ, ಧನ್ಯವಾದ' ಎಂದು ಬಂತು. ಲೈವ್ ಸೈಟ್ ಆಗಿದ್ದರೆ ಈ ಕಾರ್ಡ್ ನಡೆಯುವುದಿಲ್ಲ. ಸೋರ್ಸ್‌ನಲ್ಲಿ ಸೈಟ್ ಅನ್ನು ಸ್ಟ್ರೈಪ್‌ಗೆ ಜೋಡಿಸುವ ಕೀ ಕೂಡ `pk_test_` ಎಂದೇ ಶುರುವಾಗಿತ್ತು, ಲೈವ್ ಆದರೆ ಅದು `pk_live_` ಆಗಿರುತ್ತದೆ. ಕೆಲಸ ನಡೆಯುವಾಗ ಟೆಸ್ಟ್ ಕೀ ಇರುವುದು ಸರಿಯೇ, ಅದು ತಪ್ಪಲ್ಲ. ಆದರೆ ಆ ಧನ್ಯವಾದದ ಆಚೆ ಏನೂ ಇರಲಿಲ್ಲ. ಆರ್ಡರ್ ಪ್ಯಾನೆಲ್‌ಗೆ ಬರಲಿಲ್ಲ. ನನಗೂ ಮೇಲ್ ಇಲ್ಲ, ಕೊಂಡವರಿಗೂ ಇಲ್ಲ. ಯಾರಾದರೂ ನಿಜವಾಗಿ ಹಣ ಕಟ್ಟಿದ್ದರೆ ಯಾರಿಗೆ ಏನು ಕಳಿಸಬೇಕು ಎಂದೇ ನನಗೆ ತಿಳಿಯುತ್ತಿರಲಿಲ್ಲ. ಮೂರನೇ ಕಂತಿಗೆ ಮುಂಚೆ ಒಂದು ಬೆಲೆ ಬದಲಾಯಿಸಿ, ಒಂದು ಆರ್ಡರ್ ಹಾಕಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಫೋಟೋ ನೋಡುತ್ತಾ ಕೂತೆ.

ಸಿಟ್ಟು ಬಂದಿತ್ತು, ಅವತ್ತೇ ಕಟುವಾಗಿ ಬರೆಯುವವಳಿದ್ದೆ. ಗೆಳತಿ ತಡೆದಳು. 'ಡೊಮೇನ್ ಯಾರ ಅಕೌಂಟ್‌ನಲ್ಲಿದೆ ಮೊದಲು ನೋಡು' ಎಂದಳು. ಡೊಮೇನ್ ಅಂದರೆ ಸೈಟ್‌ನ ವಿಳಾಸ. ಅದನ್ನೂ ಡೆವಲಪರೇ ಕೊಂಡಿದ್ದರು, ಅವರ ಅಕೌಂಟ್‌ನಲ್ಲೇ ಇತ್ತು. ಜಗಳ ಆಡಿದ ಮೇಲೆ ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ. ಹಾಗಾಗಿ ಮೊದಲು ಸುಮ್ನೆ, ನಯವಾಗಿಯೇ ಕೇಳಿ ಡೊಮೇನ್ ಅನ್ನು ನನ್ನ ಅಕೌಂಟ್‌ಗೆ ಹಾಕಿಸಿಕೊಂಡೆ. ಕೋಡ್‌ನ ಒಂದು ಪ್ರತಿಯನ್ನೂ ತರಿಸಿಕೊಂಡೆ. ಪತ್ರ ಬರೆದಿದ್ದು ಆಮೇಲೆ:

'ಬಾಕಿ ಇರುವುದು ಮೂರು. ಪ್ಯಾನೆಲ್‌ನಲ್ಲಿ ಬದಲಾಯಿಸಿದ ಬೆಲೆ ಸೈಟ್‌ನಲ್ಲಿ ಕಾಣಬೇಕು. ಆರ್ಡರ್ ಪ್ಯಾನೆಲ್‌ಗೆ ಬರಬೇಕು, ಇಬ್ಬರಿಗೂ ಮೇಲ್ ಹೋಗಬೇಕು. ಲೈವ್ ಪೇಮೆಂಟ್ ನಡೆಯಬೇಕು. ಪ್ರತಿಯೊಂದೂ ಯಾವ ತಾರೀಖಿಗೆ ಮುಗಿಯುತ್ತದೆ ಎಂದು 7 ದಿನದೊಳಗೆ ಬರೆದು ತಿಳಿಸಿ. ಆಗುವುದಿಲ್ಲ ಎಂದಾದರೆ ಮೂರನೇ ಕಂತನ್ನು ಪೂರ್ತಿ ವಾಪಸ್ ಮಾಡಿ.'

ಎಲ್ಲಾ ಹಣ ಕೇಳಲಿಲ್ಲ. ಡಿಸೈನ್ ನನ್ನ ಕೈಯಲ್ಲಿದೆ, ಬೇರೆಯವರಿಂದ ಕೆಲಸ ಮುಂದುವರಿಸಿದರೂ ಅದು ಬಳಕೆಗೆ ಬರುತ್ತದೆ. ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳುವ ದಾರಿಯಾದರೂ ಇರುತ್ತಿತ್ತು. ಈಗ ಅದೂ ಇಲ್ಲ.

ಆರನೇ ದಿನ ಉತ್ತರ ಬಂತು: 'ಈ ವಾರ ಪಕ್ಕಾ ಮೇಡಂ.' ಯಾವ ಕೆಲಸ, ಯಾವ ತಾರೀಖು ಎಂದು ವಾಪಸ್ ಬರೆದೆ. ಓದಿದ್ದಾರೆ, ಉತ್ತರ ಬಂದಿಲ್ಲ.